ಒಂದು ಕೇಕು, ನಲವತ್ತೆಂಟು ಕುಕೀಸ್ ಮತ್ತು ಓವನ್ ಲೆಕ್ಕ

ದಾವಣಗೆರೆಯ ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ಕೇಕು ಮಾಡಿಕೊಡಲು ಶುರು ಮಾಡಿದಾಗ ಎಲ್ಲರೂ ವಿಚಾರಿಸುತ್ತಿದ್ದುದು ಮೈದಾ, ಬೆಣ್ಣೆಯ ಖರ್ಚನ್ನು. ನನ್ನ ಕೈ ಕಟ್ಟಿಹಾಕುವುದು ಮಾತ್ರ ಓವನ್. ನನ್ನದು 30 ಲೀಟರಿನ ಓಟಿಜಿ; ಒಂದು ಸಲಕ್ಕೆ ಒಂದೇ ಟ್ರೇ. ಎರಡು ಟ್ರೇಗಳನ್ನು ಮೇಲೆ ಕೆಳಗೆ ಇಟ್ಟರೆ ಕೆಳಗಿನದರ ತಳ ಸೀಯುತ್ತದೆ, ಮೇಲಿನದರ ತಳ ಬಿಳಿಚಿಕೊಂಡೇ ಇರುತ್ತದೆ. ಆದ್ದರಿಂದ ಆರ್ಡರ್ ಒಪ್ಪುವ ಮೊದಲು ನಾನು ನೋಡುವುದು, ಓವನ್ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು.

ಉದಾಹರಣೆಗೆ ಹೀಗೊಂದು ಆರ್ಡರ್: ಭಾನುವಾರ ಸಂಜೆ ಆರಕ್ಕೆ ಕೇಕು ಕತ್ತರಿಸಬೇಕು. ಮೊಟ್ಟೆ ಹಾಕದ ಒಂದು ಕಿಲೋ ವೆನಿಲಾ ಕೇಕು, ಬಂದ 24 ಮಕ್ಕಳಿಗೆ ಹಂಚಲು ತಲಾ ಎರಡು ಏಲಕ್ಕಿ ಕುಕೀಸ್. ಮಗುವಿನ ಹೆಸರನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದಿಲ್ಲ. ವಾಟ್ಸಾಪಿನಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳುತ್ತೇನೆ. ಸಾಮಾನಿನ ಹಣವನ್ನು ಮುಂಗಡವಾಗಿ ಪಡೆಯುತ್ತೇನೆ.

ಕುಕೀಸ್ ಡಬ್ಬಿಯಲ್ಲಿ ಗರಿಗರಿಯಾಗಿಯೇ ಇರುವುದರಿಂದ ಅವನ್ನು ಶುಕ್ರವಾರವೇ ಮುಗಿಸುತ್ತೇನೆ. 300 ಗ್ರಾಂ ಬೆಣ್ಣೆ, 225 ಗ್ರಾಂ ಪುಡಿ ಸಕ್ಕರೆ, 450 ಗ್ರಾಂ ಮೈದಾ. 20 ಗ್ರಾಂ ತೂಕದ ಉಂಡೆ ಕಟ್ಟಿದರೆ 48 ಆಗುತ್ತವೆ. ಒಂದೊಂದನ್ನೂ ತೂಗುತ್ತೇನೆ. ಗಾತ್ರದಲ್ಲಿ ಹೆಚ್ಚುಕಡಿಮೆಯಾದರೆ ಚಿಕ್ಕವು ಕಂದುಗಟ್ಟುವ ಹೊತ್ತಿಗೆ ದೊಡ್ಡವು ಇನ್ನೂ ಹಸಿಯಾಗಿರುತ್ತವೆ. ನಮ್ಮ ಏಪ್ರಿಲ್ ಸೆಖೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಅಂಥ ಉಂಡೆಗಳನ್ನು ನೇರವಾಗಿ ಓವನ್‌ಗೆ ಹಾಕಿದರೆ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಆಕಾರ ನಿಲ್ಲುತ್ತದೆ. ನನ್ನ ಟ್ರೇಗೆ 12 ಹಿಡಿಯುವುದರಿಂದ ನಾಲ್ಕು ಸರದಿ. 170 ಡಿಗ್ರಿಯಲ್ಲಿ ಸರದಿಗೆ ಸುಮಾರು 15 ನಿಮಿಷ. ಓವನ್ನಿನ ಹಿಂಬದಿ ಹೆಚ್ಚು ಬಿಸಿಯಾದ್ದರಿಂದ ನಡುವೆ ಒಮ್ಮೆ ಟ್ರೇ ತಿರುಗಿಸಬೇಕು. ಅಂಚು ಹೊಂಬಣ್ಣಕ್ಕೆ ಬಂದು, ಮಧ್ಯ ಮೆತ್ತಗಿರುವಾಗಲೇ ತೆಗೆಯುತ್ತೇನೆ, ಆರುತ್ತಾ ಗಟ್ಟಿಯಾಗುತ್ತವೆ. ಓವನ್ ಕಾಯುವುದು, ಟ್ರೇ ಬದಲಿಸುವುದು ಎಲ್ಲಾ ಸೇರಿ ಒಂದೂವರೆ ಗಂಟೆ.

ಶನಿವಾರ ಸಂಜೆ ಕೇಕಿನ ಸರದಿ. 250 ಗ್ರಾಂ ಮೊಸರಿಗೆ 150 ಗ್ರಾಂ ಸಕ್ಕರೆ ಕದಡಿ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ ಹಾಕಿ ನೊರೆ ಏಳುವವರೆಗೆ ಬಿಡುತ್ತೇನೆ. ನಂತರ ಅರ್ಧ ಕಪ್ ಎಣ್ಣೆ, ಎಸೆನ್ಸ್, ಒಂದೂವರೆ ಕಪ್ ಮೈದಾ. ಈ ಹಿಟ್ಟು ಹೆಚ್ಚು ಹೊತ್ತು ಕಾಯುವಂಥದ್ದಲ್ಲ, ನೊರೆ ಇಳಿದರೆ ಕೇಕು ಗಟ್ಟಿಯಾಗುತ್ತದೆ. ಹಾಗಾಗಿ ಓವನ್ ಮೊದಲೇ ಕಾದಿರಬೇಕು. ಏಳು ಇಂಚಿನ ಟಿನ್ನಿನಲ್ಲಿ 40–45 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆರೆಯುವುದಿಲ್ಲ, ತೆರೆದರೆ ಮಧ್ಯ ಕುಸಿಯುತ್ತದೆ. ಅಂಚು ಟಿನ್ನನ್ನು ಬಿಟ್ಟು, ಚುಚ್ಚಿದ ಕಡ್ಡಿ ಒಣಗಿ ಬಂದರೆ ಆಯಿತು. ಆರಿದ ಮೇಲೆ ಸುತ್ತಿಟ್ಟರೆ ಮರುದಿನ ಪುಡಿಯಾಗದೆ ಪದರ ಕತ್ತರಿಸಬಹುದು. ಸಕ್ಕರೆ ನೀರು, ಸುಮಾರು 350 ಗ್ರಾಂ ಕ್ರೀಮ್ ಸೇರಿದಾಗ ಒಂದು ಕಿಲೋ ತೂಗುತ್ತದೆ. ಕ್ರೀಮನ್ನು ರಾತ್ರಿಯೇ ಫ್ರೀಜರಿನಿಂದ ಫ್ರಿಜ್‌ಗೆ ಇಳಿಸಿ, ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಬೀಟರ್ ಹಿಡಿಯುತ್ತೇನೆ.

ಇನ್ನು ದರ. ನಾನು ಕೊಳ್ಳುವ ಅಂಗಡಿಯ ಬೆಲೆಯಲ್ಲಿ ಈ ಕೇಕಿಗೆ ಡಬ್ಬ, ಬೋರ್ಡು ಸೇರಿ ಸುಮಾರು 200 ರೂಪಾಯಿ ಬೀಳುತ್ತದೆ. ಅದರಲ್ಲಿ ಕ್ರೀಮಿನದೇ ದೊಡ್ಡ ಪಾಲು. ಕುಕೀಸ್‌ಗೆ ಪೊಟ್ಟಣ ಸೇರಿ 270, ಅದರಲ್ಲಿ ಬೆಣ್ಣೆಯೊಂದೇ 180. ಕರೆಂಟಿನದು ದೊಡ್ಡ ಮಾತಲ್ಲ: 1500 ವಾಟ್‌ನ ಓವನ್ ಎರಡೂವರೆ ಗಂಟೆ ನಡೆದರೂ ನಾಲ್ಕು ಯೂನಿಟ್ ದಾಟುವುದಿಲ್ಲ. ಆದರೆ ಆ ಎರಡೂವರೆ ಗಂಟೆ ಬೇರೆ ಆರ್ಡರಿಗೆ ಸಿಗದು, ನಾನೂ ಅಡುಗೆಮನೆ ಬಿಟ್ಟು ಕದಲುವಂತಿಲ್ಲ. ಅದಕ್ಕೇ ಓವನ್ ಗಂಟೆಗೆ 150 ರೂಪಾಯಿ ಎಂದು ಹಾಕಿಕೊಂಡು, ಅದರ ಮೇಲೆ ಕೈಕೆಲಸದ ಕೂಲಿ ಸೇರಿಸುತ್ತೇನೆ. ಕೇಕಿಗೆ 700, ಕುಕೀಸ್‌ಗೆ 600.

ಕೇಕಿನ ದರಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ಕುಕೀಸ್ ಎಂದಾಗ ಮಾತ್ರ, "ಬಿಸ್ಕತ್ತಿಗೆ ಇಷ್ಟೊಂದಾ ಅಕ್ಕಾ?" ಬೆಣ್ಣೆ ಬಿಸ್ಕತ್ತಿಗೆ ಹೆಸರಾದ ಬೇಕರಿಗಳಿರುವ ಊರಿನಲ್ಲಿ ಈ ಪ್ರಶ್ನೆ ಬಾರದೇ ಇರುತ್ತದೆಯೇ! ಬೇಕರಿಯವರ ದೊಡ್ಡ ಓವನ್ ಒಂದೇ ಸಲಕ್ಕೆ ಹತ್ತಾರು ಟ್ರೇ ನುಂಗುತ್ತದೆ, ಅವರ ದರ ನನಗೆ ಗಿಟ್ಟದು. ತೀರಾ ಒತ್ತಾಯಿಸಿದರೆ ಮಗುವಿಗೆ ಒಂದೇ ಕುಕೀ ಮಾಡಿ, ಎರಡು ಸರದಿಗೆ ಇಳಿಸುತ್ತೇನೆ. ಒಂದರ ಬೆಲೆ ಇಳಿಸುವುದಿಲ್ಲ.

ಅದೇ ಭಾನುವಾರಕ್ಕೆ ಶನಿವಾರ ಮಧ್ಯಾಹ್ನ ಇನ್ನೊಬ್ಬರು ಫೋನ್ ಮಾಡಿದರೆ ಕೇಕನ್ನು ಒಪ್ಪಿಕೊಳ್ಳುತ್ತೇನೆ, ಓವನ್ನಿನಲ್ಲಿ ಅದು ಇನ್ನೊಂದು ಮುಕ್ಕಾಲು ಗಂಟೆ ಅಷ್ಟೇ. ಕುಕೀಸ್ ಬೇಕೆಂದರೆ ಸೋಮವಾರ ಕೊಡುತ್ತೇನೆ ಎನ್ನುತ್ತೇನೆ.