ಲಗ್ನಪತ್ರಿಕೆಯಲ್ಲಿ ಕಾಣೆಯಾದ ಸೊನ್ನೆ

“ನನಗೆ ಹೆಣ್ಣುಮಕ್ಕಳೇ ಇಲ್ಲವಲ್ಲಪ್ಪ, ಮಗಳ ಮದುವೆ ಅಂತ ಎಲ್ಲಿಂದ ಬಂತು?”

ಫೋನಿನಲ್ಲಿ ವರನ ತಾಯಿ ಹೀಗೆ ಕೇಳಿದಾಗ ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಸೊಸೆಯ ವೀಸಾ ಅರ್ಜಿಯ ಜೊತೆ ಇಡಲು ಲಗ್ನಪತ್ರಿಕೆಯ ಇಂಗ್ಲಿಷ್ ಅನುವಾದ ಬೇಕೆಂದು ಅವರ ಮಗ ಕೇಳಿದ್ದರು. ಮಾಡಿ ಕಳಿಸಿದ್ದೆ. ಪತ್ರಿಕೆ ಅಚ್ಚು ಹಾಕಿಸಿದ್ದು ಗಂಡಿನ ಕಡೆಯವರು. ನನ್ನ ಅನುವಾದದ ಮೊದಲ ಸಾಲಿನಲ್ಲೇ ‘ಡಾಟರ್ಸ್ ವೆಡ್ಡಿಂಗ್’ ಎಂದಿತ್ತು. ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡು ನೋಡಿದೆ. ಅಲ್ಲಿ ಬಂಗಾರದ ಬಣ್ಣದಲ್ಲಿ ‘ಮಂಗಳ ವಿವಾಹ ಮಹೋತ್ಸವ’ ಎಂದು ಬಳ್ಳಿ ಬಳ್ಳಿಯಾಗಿ ಬರೆದಿತ್ತು. ನನ್ನ ಕಡತದಲ್ಲಿ ಇದ್ದದ್ದು ‘ಮಗಳ ವಿವಾಹ’. ಸೊನ್ನೆ ಒಂದು ಹೋದದ್ದಕ್ಕೆ ಮಂಗಳ ಹೋಗಿ ಮಗಳು ಬಂದಿದ್ದಳು.

ಪತ್ರಿಕೆಯ ಒಳಗಿನ ಸಣ್ಣಕ್ಷರವನ್ನು ನಾನು ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಓದಿಸಿ, ಬಂದದ್ದನ್ನು ತಿದ್ದಿ ಅನುವಾದಿಸುತ್ತೇನೆ. ಅಚ್ಚುಮೊಳೆಯಂಥ ನೇರ ಅಕ್ಷರಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅವತ್ತು ಅವಸರದಲ್ಲಿ ಶೀರ್ಷಿಕೆಯನ್ನೂ ಕಾರ್ಡಿನಿಂದ ಓದದೆ ಕಡತದಿಂದಲೇ ಓದಿದೆ. ಅಲ್ಲಿ ‘ಮಹೋತ್ಸವ’ ‘ಮಹೋತವ’ ಆಗಿತ್ತು. ಅಂಥ ಪದ ಕನ್ನಡದಲ್ಲಿ ಇಲ್ಲವಾದ್ದರಿಂದ ತಪ್ಪೆಂದು ಕೂಡಲೇ ಗೊತ್ತಾಗಿ ತಿದ್ದಿದೆ. ಪಕ್ಕದಲ್ಲೇ ಇದ್ದ ‘ಮಗಳ ವಿವಾಹ’ ಮಾತ್ರ ಅಚ್ಚ ಕನ್ನಡ, ಲಗ್ನಪತ್ರಿಕೆಗೆ ಒಪ್ಪುವಂಥದ್ದೂ ಹೌದು, ಹಾಗಾಗಿ ಕಣ್ಣು ಅಲ್ಲಿ ನಿಲ್ಲಲೇ ಇಲ್ಲ. ಅಂದಿನಿಂದ, ಯಂತ್ರ ಕೊಟ್ಟ ಪಠ್ಯದಲ್ಲಿ ಅರ್ಥವಿಲ್ಲದ ಪದ ಕಂಡರೆ ನನಗೆ ಸಮಾಧಾನ. ಸಲೀಸಾಗಿ ಓದಿಸಿಕೊಂಡು ಹೋಗುವ ಶೀರ್ಷಿಕೆ ಕಂಡರೆ ಅನುಮಾನ.

ಸೊನ್ನೆ ಎಲ್ಲಿಗೆ ಹೋಯಿತು ಎಂದು ಹುಡುಕಲು ಕೂತೆ. ಕಾರ್ಡಿನ ನೆಲ ಕಡುಗೆಂಪು, ಅಕ್ಷರ ಬಂಗಾರ. ಬರೆದ ಕಲಾವಿದ ಸೊನ್ನೆಯ ಜಾಗದಲ್ಲಿ ಕುಂಕುಮದ ಬೊಟ್ಟು ಇಟ್ಟಿದ್ದ. ನೋಡಲು ಬಹಳ ಸೊಗಸು. ಆದರೆ ಓದುವ ಮೊದಲು ಯಂತ್ರ ಚಿತ್ರವನ್ನು ಬೂದುಬಣ್ಣಕ್ಕೆ ಇಳಿಸುತ್ತದೆ, ಆಮೇಲೆ ಒಂದು ಗಡಿ ಹಾಕಿಕೊಂಡು ಅದಕ್ಕಿಂತ ತಿಳಿಯಾದದ್ದನ್ನು ಒಂದು ಕಡೆ, ಗಾಢವಾದದ್ದನ್ನು ಇನ್ನೊಂದು ಕಡೆ ತಳ್ಳಿ ಬರೀ ಕಪ್ಪು ಬಿಳುಪು ಮಾಡುತ್ತದೆ. ಬಣ್ಣ ಅಳೆಯುವ ಉಪಕರಣವನ್ನು ಚಿತ್ರದ ಮೇಲಿಟ್ಟು ನೋಡಿದರೆ ನೆಲದ ಕೆಂಪು, ಹಸಿರು, ನೀಲಿ ಅಂಶಗಳು 128, 0, 32 ಇದ್ದವು. ಬೊಟ್ಟಿನವು 220, 30, 40. ಬಂಗಾರದವು 212, 175, 55. ಬೂದು ಮಾಡುವಾಗ ಹಸಿರಿಗೆ ಹೆಚ್ಚು ತೂಕ, ಕೆಂಪಿಗೆ ಅದರ ಅರ್ಧದಷ್ಟು. ಲೆಕ್ಕ ಹಾಕಿದರೆ ನೆಲ 42, ಬೊಟ್ಟು 88, ಬಂಗಾರ 172 ಬರುತ್ತದೆ. ಗಡಿ ಬೀಳುವುದು ನೆಲಕ್ಕೂ ಬಂಗಾರಕ್ಕೂ ಸುಮಾರು ನಡುವೆ, ಅಂದರೆ 107ರ ಆಸುಪಾಸು. ಬೊಟ್ಟು ನೆಲದ ಪಾಲಾಯಿತು. ನಮ್ಮ ಕಣ್ಣಿಗೆ ಎದ್ದು ಕಾಣುವ ಕುಂಕುಮ ಯಂತ್ರದ ಪಾಲಿಗೆ ಇರಲೇ ಇಲ್ಲ.

ಪರಿಹಾರವೂ ಆ ಅಂಕಿಗಳಲ್ಲೇ ಇದೆ. ಕೆಂಪು ಅಂಶವನ್ನು ಮಾತ್ರ ತೆಗೆದುಕೊಂಡರೆ ನೆಲ 128, ಬೊಟ್ಟು 220, ಬಂಗಾರ 212. ಬೊಟ್ಟೂ ಬಂಗಾರವೂ ಒಂದೇ ಕಡೆ ಬೀಳುತ್ತವೆ. ಶೀರ್ಷಿಕೆಯಷ್ಟನ್ನೇ ಕತ್ತರಿಸಿ, ಕೆಂಪು ಪದರ ಬೇರ್ಪಡಿಸಿ, ತಿಳಿ ನೆಲದ ಮೇಲೆ ಗಾಢ ಅಕ್ಷರ ಬರುವಂತೆ ತಿರುಗಿಸಿ, ದೊಡ್ಡದು ಮಾಡಿ, ‘ಇದು ಒಂದೇ ಸಾಲು’ ಎಂದು ಹೇಳಿ ಓದಿಸಿದೆ:

```
magick card.jpg -crop 900x260+310+140 +repage \
  -channel R -separate +channel -negate -resize 300% title.png
tesseract title.png title -l kan --psm 7
```

ಈ ಸಲ ‘ಮಂಗಳ ವಿವಾಹ’ ಸರಿಯಾಗಿ ಬಂತು. ‘ಮಹೋತವ’ ಹಾಗೇ ಉಳಿಯಿತು. ಕಾರಣ, ತ ಕೆಳಗಿನ ಸ ಒತ್ತನ್ನು ಉದ್ದಕ್ಕೆ ಎಳೆದು, ಕೆಳಗೆ ಇಳಿಬಿಟ್ಟ ತೋರಣಕ್ಕೆ ಸೇರಿಸಿಬಿಟ್ಟಿದ್ದರು. ಒತ್ತು ತೋರಣವಾದ ಮೇಲೆ ಅದನ್ನು ಒತ್ತೆಂದು ಗುರುತಿಸಲು ಯಂತ್ರಕ್ಕೆ ದಾರಿಯಿಲ್ಲ. ಚಿತ್ರವನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಇಂಥ ಕಡೆ ನಾನು ಮಾಡುವುದು ಹಳೇ ಕಾಲದ ಕೆಲಸ. ಶೀರ್ಷಿಕೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಪೆನ್ಸಿಲಿನಲ್ಲಿ ನಾವು ಬರೆಯುವ ಕ್ರಮದಲ್ಲೇ ತಿದ್ದುತ್ತಾ ಹೋಗುತ್ತೇನೆ. ಮೊದಲು ಅಕ್ಷರದ ಮೈ, ಆಮೇಲೆ ತಲೆಕಟ್ಟು, ಆಮೇಲೆ ಗುಣಿತ, ಕೊನೆಗೆ ಒತ್ತು. ಕೈ ಎಲ್ಲಿ ತಡವರಿಸುತ್ತದೋ ಅಲ್ಲಿ ಅಲಂಕಾರ ಶುರುವಾಗಿದೆ ಎಂದು ಅರ್ಥ. ಯಾವ ಗೆರೆ ಬಿಟ್ಟರೂ ಅಕ್ಷರ ಬದಲಾಗುವುದಿಲ್ಲವೋ ಅದು ಬಳ್ಳಿ. ಬಿಟ್ಟರೆ ಬೇರೆ ಅಕ್ಷರವಾಗುವುದಾದರೆ ಅದು ಅಕ್ಷರದ್ದೇ ಗೆರೆ. ಷದ ಹೊಟ್ಟೆಯೊಳಗಿನ ಗೆರೆಯನ್ನು ಎಲೆಯ ನಡುನರದಂತೆ ಬರೆದಿರುತ್ತಾರೆ, ಯಂತ್ರ ಅದನ್ನು ಎಲೆ ಎಂದು ಬಿಟ್ಟು ‘ಉಷಾ’ಳನ್ನು ‘ಉಪಾ’ ಮಾಡುತ್ತದೆ. ಧ, ಭಗಳ ಕೆಳಗಿನ ಸೀಳು (ಶಾಲೆಯಲ್ಲಿ ಹೊಟ್ಟೆ ಸೀಳು ಎನ್ನುತ್ತಿದ್ದೆವು) ದಪ್ಪ ಅಕ್ಷರಗಳಲ್ಲಿ ಮುಚ್ಚಿಹೋಗುತ್ತದೆ. ಠದ ಒಳಗಿನ ಚುಕ್ಕಿಯ ಗತಿಯೂ ಅದೇ.

ಮಾಮೂಲಿ ಪದವಾದರೆ ನಿಘಂಟು ತೀರ್ಪು ಕೊಡುತ್ತದೆ. ಹೆಸರಿಗೆ ಅದು ಇಲ್ಲ. ಈ ಕಾರ್ಡಿನಲ್ಲಿ ವಧುವಿನ ಹೆಸರು ಶೀರ್ಷಿಕೆಯ ಅಕ್ಷರದಲ್ಲಿ ‘ಶೋಬಾ’ ಎಂಬಂತೆ ಕಾಣುತ್ತಿತ್ತು (ಹೆಸರು ಬದಲಿಸಿದ್ದೇನೆ). ಒಳಗೆ ಸಣ್ಣಕ್ಷರದಲ್ಲಿ ‘ಶೋಭಾ’ ಎಂದು ಸ್ಪಷ್ಟವಾಗಿತ್ತು, ಅಂದರೆ ಸೀಳು ಮುಚ್ಚಿದ್ದು ಅಕ್ಷರ ವಿನ್ಯಾಸದ ದೋಷ. ತಮಾಷೆ ಎಂದರೆ ಪಾಸ್‌ಪೋರ್ಟಿನಲ್ಲಿ ಬಿ ನಂತರ ಎಚ್ ಇರಲಿಲ್ಲ. ಅನುವಾದದಲ್ಲಿ ನಾನು ಪಾಸ್‌ಪೋರ್ಟಿನ ಕಾಗುಣಿತವನ್ನೇ ಹಾಕುತ್ತೇನೆ. ಅರ್ಜಿ ನೋಡುವವರಿಗೆ ಇಬ್ಬರೂ ಒಬ್ಬರೇ ಎಂದು ತಿಳಿಯಬೇಕು. ಊರಿನ ಹೆಸರು, ತಾತನ ಹೆಸರಿಗೆ ಮನೆಯವರನ್ನೇ ಕೇಳುವುದು. ಊಹೆ ಮಾಡಿ ಬರೆಯುವುದಕ್ಕಿಂತ ಐದು ನಿಮಿಷದ ಫೋನ್ ಅಗ್ಗ.

ತಾರೀಖಿನದು ಬೇರೆಯೇ ಕಥೆ. ಅದನ್ನೂ ಕನ್ನಡ ಅಂಕಿಯಲ್ಲಿ, ಅದೇ ಬಳ್ಳಿ ಅಕ್ಷರದಲ್ಲಿ ಬರೆದಿದ್ದರು. ಯಂತ್ರ ‘೧೯’ ಎಂದಿತು, ನನಗೆ ‘೧೬’ ಎನ್ನಿಸಿತು. ಬಾಲ ಸುತ್ತಿಸಿ ಬರೆದರೆ ೬, ೯ ಎರಡೂ ಅಣ್ಣತಮ್ಮಂದಿರು. ಕೆಳಗೆ ‘ಭಾನುವಾರ’ ಎಂದಿತ್ತು, ತಿಂಗಳು ಫೆಬ್ರವರಿ 2020. ಕ್ಯಾಲೆಂಡರ್ ತೆಗೆದರೆ 16 ಭಾನುವಾರ, 19 ಬುಧವಾರ. ಮುಗಿಯಿತು. ಮುಹೂರ್ತದ ಗಂಟೆಗೂ ಇಂಥದ್ದೇ ಸಾಕ್ಷಿ ಹುಡುಕುತ್ತೇನೆ. ‘ಅಭಿಜಿನ್ ಲಗ್ನ’ ಎಂದಿದ್ದರೆ ಅದು ನಡುಮಧ್ಯಾಹ್ನದ ಆಸುಪಾಸು, ಆಗ ಅಂಕಿ ಏಳೆಂದು ಓದಿದರೆ ತಪ್ಪು ನನ್ನದೇ. ‘೧೦’ ಎಂಬುದನ್ನು ಯಂತ್ರ ‘ಗಂ’ ಎಂದು ಓದಿದ್ದನ್ನೂ ಕಂಡಿದ್ದೇನೆ. ಗಂಟೆ ಎಂಬುದರ ಸಂಕ್ಷೇಪವೂ ‘ಗಂ’ ಆದ್ದರಿಂದ ಅದೂ ಸಲೀಸಾಗಿ ಒಳಗೆ ನುಸುಳುತ್ತದೆ.

ಸಾಧ್ಯವಾದರೆ ಮುದ್ರಣದವರಿಂದ ಕಾರ್ಡನ್ನು ವಿನ್ಯಾಸ ಮಾಡಿದ ಕೋರೆಲ್ ಕಡತವನ್ನೇ ಕೇಳಿ ಪಡೆಯುತ್ತೇನೆ. ಅದರಿಂದ ನಕಲು ಮಾಡಿದಾಗ ‘ಶ್ರೀ’ ಬದಲು `²æÃ` ಎಂದು ಬಂದರೆ ಗಾಬರಿ ಬೇಡ. ಅದು ನುಡಿ ತಂತ್ರಾಂಶದ ಹಳೇ ಸಂಕೇತದ ಅಕ್ಷರ, ಪರಿವರ್ತಕಕ್ಕೆ ಹಾಕಿದರೆ ಯೂನಿಕೋಡ್ ಬರುತ್ತದೆ. ಬೇರೆ ತಂತ್ರಾಂಶದ ಅಕ್ಷರವಾದರೆ ಅದರದ್ದೇ ಪರಿವರ್ತಕ ಬೇಕು. ಆದರೆ ಶೀರ್ಷಿಕೆಯನ್ನು ಹೆಚ್ಚಾಗಿ ಗೆರೆಗಳಾಗಿ ಬದಲಿಸಿಟ್ಟಿರುತ್ತಾರೆ, ಅಲ್ಲಿ ಪಠ್ಯವೇ ಇರುವುದಿಲ್ಲ. ನಮಗೆ ತೊಂದರೆ ಕೊಡುವ ಭಾಗಕ್ಕೇ ಈ ದಾರಿ ಇಲ್ಲ, ನೋಡಿ.

ಮೂಲ ಕಾರ್ಡು ಕೈಯಲ್ಲಿದ್ದರೂ ಅದನ್ನು ಸ್ಕ್ಯಾನರ್ ಮೇಲೆ ಮಲಗಿಸುವುದನ್ನು ಬಿಟ್ಟಿದ್ದೇನೆ. ಬಂಗಾರದ ಫಾಯಿಲ್ ಕನ್ನಡಿಯಂತೆ, ಸ್ಕ್ಯಾನರಿನ ಬೆಳಕನ್ನು ಬೇರೆಲ್ಲೋ ಎಸೆದು ತಾನು ಕಪ್ಪಾಗುತ್ತದೆ. ಕಡುಗೆಂಪಿನ ಮೇಲೆ ಕಪ್ಪು ಬಂಗಾರ ಯಾರಿಗೂ ಓದಲು ಬಾರದು. ಕಿಟಕಿಯ ಪಕ್ಕ ಇಟ್ಟು, ಎದುರು ಬಿಳಿ ಹಾಳೆ ಹಿಡಿದು, ಅದರ ಬಿಳುಪು ಫಾಯಿಲಿನಲ್ಲಿ ಕಾಣುವ ಕೋನದಿಂದ ಫೋಟೋ ತೆಗೆದರೆ ಅಕ್ಷರ ಹೊಳೆಯುತ್ತದೆ.

ಇನ್ನು ಅನುವಾದ. ಓದಿಯಾದ ಮೇಲೂ ಅಲಂಕಾರಕ್ಕೆ ಇಂಗ್ಲಿಷಿನಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ವೀಸಾ ಕಾಗದದಲ್ಲಿ ಬಳ್ಳಿ ಅಕ್ಷರಕ್ಕೆ ಬಳ್ಳಿ ಅಕ್ಷರ ಹುಡುಕುವುದಿಲ್ಲ. ಚೌಕಾವರಣದಲ್ಲಿ ‘ಅಲಂಕಾರಿಕ ಶೀರ್ಷಿಕೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಪಕ್ಕದಲ್ಲಿ ಅರ್ಥ ಬರೆಯುತ್ತೇನೆ. ‘ಮಹೋತ್ಸವ’ವನ್ನು ಪದಕ್ಕೆ ಪದ ತೆಗೆದುಕೊಂಡು ‘ಗ್ರೇಟ್ ಫೆಸ್ಟಿವಲ್’ ಎಂದರೆ ಓದುವವರು ಜಾತ್ರೆ ಎಂದುಕೊಂಡಾರು, ಹಾಗಾಗಿ ‘ಸೆರೆಮನಿ’. ಮೇಲೆ ಗಣಪತಿಯ ಆಕಾರದಲ್ಲಿ ಬರೆದ ‘ಶ್ರೀ’ ಇತ್ತು. ಓದಿಸುವ ಮೊದಲು ಅದರ ಮೇಲೆ ಬಿಳಿ ಹಚ್ಚಿ ಮುಚ್ಚುತ್ತೇನೆ, ಇಲ್ಲದಿದ್ದರೆ ಸೊಂಡಿಲು ಎರಡು ಮೂರು ಅಕ್ಷರ ಹೆರುತ್ತದೆ. ಅನುವಾದದಲ್ಲಿ ‘ಗಣೇಶನ ಆಕಾರದಲ್ಲಿ ಶ್ರೀ ಅಕ್ಷರ’ ಎಂದು ವಿವರಣೆ, ಅಷ್ಟೆ. ಕಲ್ಯಾಣ ಮಂಟಪದ ಲಾಂಛನದಲ್ಲಿರುವ ಹೆಸರನ್ನು ಅರ್ಥ ಮಾಡಿ ಅನುವಾದಿಸಬಾರದು. ಅವರ ರಸೀದಿಯಲ್ಲಿ ಇಂಗ್ಲಿಷ್ ಕಾಗುಣಿತ ಹೇಗಿದೆಯೋ ಹಾಗೇ ಹಾಕಬೇಕು.

ಆ ಕಾರ್ಡಿನ ಬಲಮೂಲೆಯಲ್ಲಿ ವಧೂವರರ ಮೊದಲಕ್ಷರಗಳನ್ನು ಹೆಣೆದ ಒಂದು ಮುದ್ರೆಯೂ ಇತ್ತು. ಶ ಒಂದನ್ನು ಬಿಡಿಸಿಕೊಂಡೆ, ಇನ್ನೊಂದು ಎಷ್ಟು ತಿದ್ದಿದರೂ ಕೈಗೆ ಸಿಗಲಿಲ್ಲ. ವರನ ಹೆಸರು ಗೊತ್ತಿದ್ದರಿಂದ ಅದರ ಮೊದಲಕ್ಷರವನ್ನು ಊಹಿಸಿ ಬರೆಯಬಹುದಿತ್ತು. ಬರೆಯಲಿಲ್ಲ. ‘ಅಕ್ಷರಗಳನ್ನು ಹೆಣೆದ ಮುದ್ರೆ, ಒಂದು ಶ, ಇನ್ನೊಂದು ಓದಲಾಗದು’ ಎಂದು ಹಾಕಿ, ತಿದ್ದಿದ ಪ್ರತಿಯನ್ನು ಆ ತಾಯಿಗೇ ಮೊದಲು ಕಳಿಸಿದೆ. ಅರ್ಧ ಗಂಟೆಗೆ ಫೋನ್ ಬಂತು.

“ಅದು ಅಕ್ಷರ ಅಲ್ಲಪ್ಪ, ನವಿಲು.”