ಮಗುವಿನ ತೂಕ ಇಳಿದದ್ದು ಎಷ್ಟು? ನಮ್ಮ ವಾರ್ಡುಗಳಿಗೆ ಒಂದು ಸೂಚನೆ ಬರೆದ ಅನುಭವ

ಕಾರವಾರದ ಒಂದು ಆಸ್ಪತ್ರೆಯಲ್ಲಿ ನಾನು ಬಾಣಂತಿಯರ ವಾರ್ಡಿನ ಉಸ್ತುವಾರಿ ಶುಶ್ರೂಷಾಧಿಕಾರಿ. ವಾರ್ಡುಗಳ ಥರ್ಮಾಮೀಟರ್ ಮತ್ತು ತೂಕದ ಯಂತ್ರಗಳನ್ನು ಪ್ರತಿ ತಿಂಗಳು ಪರೀಕ್ಷಿಸಬೇಕು ಎಂಬ ಸೂಚನೆ ಈಗ ನಮ್ಮ ಎಲ್ಲ ವಾರ್ಡುಗಳ ಗೋಡೆಯ ಮೇಲಿದೆ. ಒಂದು ಪುಟದ ಆ ಸೂಚನೆಯನ್ನು ನಾನು ಎರಡು ಬಾರಿ ಬರೆಯಬೇಕಾಯಿತು. ಬರೆಯುವಂತೆ ಮಾಡಿದ್ದು ಜೋಯಿಡಾ ಕಡೆಯಿಂದ ಹೆರಿಗೆಗೆ ಬಂದಿದ್ದ ಒಬ್ಬ ತಾಯಿಯ ಮಗು.

ಆ ಮಗು ಹುಟ್ಟಿದಾಗ ಹೆರಿಗೆ ಕೋಣೆಯ ಯಂತ್ರದಲ್ಲಿ 2980 ಗ್ರಾಂ ತೂಗಿತ್ತು. ಮೂರನೆಯ ದಿನ ಬೆಳಿಗ್ಗೆ ನಮ್ಮ ವಾರ್ಡಿನ ಯಂತ್ರದಲ್ಲಿ 2680 ಗ್ರಾಂ ಬಂತು. ಹುಟ್ಟಿದ ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ. ಇಳಿಕೆ ಶೇಕಡಾ 10 ಮುಟ್ಟಿದರೆ ಮಾತ್ರ ನಾವು ಎಚ್ಚರಾಗುತ್ತೇವೆ. ಇಲ್ಲಿ ಇಳಿದದ್ದು 300 ಗ್ರಾಂ, ಅಂದರೆ ಶೇಕಡಾ 10ಕ್ಕಿಂತ ಒಂದು ಕೂದಲೆಳೆ ಹೆಚ್ಚು. ಮೇಲುಹಾಲು ಕೊಡುವ ಮಾತು ಶುರುವಾಯಿತು. ತಾಯಿ ಅಳತೊಡಗಿದಳು. ಮಗು ಮಾತ್ರ ಚೆನ್ನಾಗಿ ಚೀಪುತ್ತಿತ್ತು, ಮೂತ್ರವೂ ಸರಿಯಾಗಿ ಆಗುತ್ತಿತ್ತು. ಅಂಕಿ ಹೇಳುತ್ತಿದ್ದದ್ದಕ್ಕೂ ಮಗು ತೋರಿಸುತ್ತಿದ್ದದ್ದಕ್ಕೂ ತಾಳೆಯಾಗುತ್ತಿರಲಿಲ್ಲ.

ಪಕ್ಕದ ಹಾಸಿಗೆಯ ಬಾಣಂತಿಯ ಅತ್ತೆ ಕಾರವಾರದ ಪೇಟೆಯಲ್ಲಿ ಒಣಮೀನು ಮಾರುವವರು. ಎಲ್ಲವನ್ನೂ ಕೇಳಿಸಿಕೊಂಡು ಕುಳಿತಿದ್ದ ಅವರು, "ಸಿಸ್ಟರ್, ನನ್ನ ತಕ್ಕಡಿಗೆ ಇಲಾಖೆಯವರು ಮುದ್ರೆ ಹಾಕುತ್ತಾರೆ. ನಿಮ್ಮದಕ್ಕೆ ಯಾರು ಹಾಕುತ್ತಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರ ಬಂದ ದಿನ ಅಂಟಿಸಿದ್ದ ಚೀಟಿಯ ಅಕ್ಷರಗಳು ಕಡಲ ಗಾಳಿಗೆ ಮಾಸಿ ಹೋಗಿದ್ದವು.

ಮಕ್ಕಳ ವೈದ್ಯರು ಮಗುವನ್ನು ಹುಟ್ಟಿದ ದಿನ ತೂಗಿದ ಯಂತ್ರದಲ್ಲೇ ಮತ್ತೊಮ್ಮೆ ತೂಗಲು ಹೇಳಿದರು. ಅಲ್ಲಿ 2745 ಬಂತು. ಇಳಿಕೆ 235 ಗ್ರಾಂ, ಅಂದರೆ ಶೇಕಡಾ 8ಕ್ಕಿಂತ ಕಡಿಮೆ. ಯಾವ ಯಂತ್ರ ಸರಿ ಎಂದು ತಿಳಿಯುವ ಮೊದಲೇ ಈ ಲೆಕ್ಕವನ್ನು ನಂಬಬಹುದಿತ್ತು, ಏಕೆಂದರೆ ಎರಡು ತೂಕವೂ ಒಂದೇ ಯಂತ್ರದವು. ಯಂತ್ರ ಶೇಕಡಾ ಇಷ್ಟು ಕಡಿಮೆ ತೋರಿಸುವಂಥದ್ದಾಗಿದ್ದರೂ ಇಳಿಕೆಯ ಪ್ರಮಾಣ ಬದಲಾಗುವುದಿಲ್ಲ. ಮೇಲುಹಾಲು ಬೇಡವೆಂದಾಯಿತು. ಹಾಲೂಡಿಸುವಾಗ ಪಕ್ಕದಲ್ಲಿ ಕುಳಿತು ನೋಡಿಕೊಂಡೆವು, ಮರುದಿನ ಅದೇ ಯಂತ್ರದಲ್ಲಿ ತೂಗಿದೆವು.

ಎರಡು ಯಂತ್ರಗಳಲ್ಲಿ ಯಾವುದು ತಪ್ಪುತ್ತಿದೆ ಎಂಬುದು ಇನ್ನೂ ಗೊತ್ತಾಗಬೇಕಿತ್ತು. ಮೊದಲು ಸಲೈನ್ ಬಾಟಲಿಗಳನ್ನು ಇಟ್ಟು ನೋಡಿದೆವು. ಎರಡೂ ಯಂತ್ರಗಳು ಬೇರೆ ಬೇರೆ ಅಂಕಿ ಕೊಟ್ಟವು, ಆದರೆ ಬಾಟಲಿಯ ನಿಜವಾದ ತೂಕ ಯಾರಿಗೂ ಗೊತ್ತಿಲ್ಲ. ಒಳಗಿನ ದ್ರವ 500 ಮಿ.ಲೀ.ಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಬಾಟಲಿಯ ತೂಕ ಬೇರೆ. ಹಾಗಾಗಿ ಎದುರಿನ ಕಿರಾಣಿ ಅಂಗಡಿಯಿಂದ ಮುದ್ರೆ ಬಿದ್ದಿದ್ದ ಒಂದು ಕಿಲೋ ಮತ್ತು ಎರಡು ಕಿಲೋ ತೂಕದ ಬೊಟ್ಟುಗಳನ್ನು ಎರವಲು ತಂದೆ. 5 ಗ್ರಾಂ ಲೆಕ್ಕದಲ್ಲಿ ಓದುವ ಯಂತ್ರಕ್ಕೆ ಅವು ಧಾರಾಳವಾಗಿ ಸಾಕು.

ಹೆರಿಗೆ ಕೋಣೆಯ ಯಂತ್ರ 1000, 2000, 3000 ಎಂದೇ ತೋರಿಸಿತು. ನಮ್ಮದು 975, 1950, 2930 ಎಂದಿತು. ಮೂರು ಅಂಕಿಗಳನ್ನೂ ಬರೆದುಕೊಂಡದ್ದರಿಂದ ದೋಷದ ಬಗೆ ತಿಳಿಯಿತು. ಪ್ರತಿ ಸಲವೂ ಒಂದೇ 25 ಗ್ರಾಂ ಕಡಿಮೆ ಬಂದಿದ್ದರೆ ಸೊನ್ನೆ ಸರಿಯಾಗಿ ಕೂರಿಸಿಲ್ಲ ಎಂದು ತಿಳಿಯಬಹುದಿತ್ತು. ಇಲ್ಲಿ ಭಾರ ಹೆಚ್ಚಿದಂತೆ ಕೊರತೆಯೂ ಹೆಚ್ಚುತ್ತಿತ್ತು. ZERO ಗುಂಡಿ ಎಷ್ಟು ಸಲ ಒತ್ತಿದರೂ ಇಂಥ ದೋಷ ಹೋಗುವುದಿಲ್ಲ. ಖಾಲಿ ತಟ್ಟೆ ಸೊನ್ನೆ ತೋರಿಸುತ್ತಿರುತ್ತದೆ, ನಾವು ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಇನ್ನೊಂದು ಸುಳಿವೂ ಇತ್ತು. ಬೊಟ್ಟು ತೆಗೆದ ಮೇಲೆ ಅಂಕಿ ಸೊನ್ನೆಗೆ ಮರಳದೆ ಕೆಲವು ಕ್ಷಣ 15ರಲ್ಲಿ ನಿಂತು, ನಿಧಾನವಾಗಿ ಇಳಿಯುತ್ತಿತ್ತು.

ಬಯೋಮೆಡಿಕಲ್ ತಂತ್ರಜ್ಞರು ಬಂದು ತಟ್ಟೆ ಎತ್ತಿದರು. ಕೆಳಗೆ ನಾಲ್ಕು ಮಡಿಕೆ ಮಾಡಿದ ರಟ್ಟಿನ ತುಂಡಿತ್ತು. ತಟ್ಟೆ ಅಲುಗಾಡುತ್ತದೆ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ತುರುಕಿದ್ದರು. ಮಗುವಿನ ಭಾರವೆಲ್ಲ ಒಳಗಿನ ತೂಕ ಅಳೆಯುವ ಲೋಹದ ಪಟ್ಟಿಯ ಮೇಲೆ ಬೀಳಬೇಕು. ರಟ್ಟು ಅದರಲ್ಲಿ ಒಂದು ಪಾಲನ್ನು ತಾನೇ ಹೊತ್ತು ಯಂತ್ರದ ಹೊರಮೈಗೆ ದಾಟಿಸುತ್ತಿತ್ತು. ಮಳೆಗಾಲದ ತೇವಕ್ಕೆ ಉಬ್ಬಿದ್ದರಿಂದ ಇನ್ನಷ್ಟು ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆದು, ತಟ್ಟೆಯ ಸಡಿಲ ತಿರುಪು ಬಿಗಿದ ಮೇಲೆ 1000, 2000, 3000 ಬಂತು. ಹೊಸ ಯಂತ್ರ ಕೊಳ್ಳುವ ಮಾತೂ ಅಲ್ಲಿಗೆ ಮುಗಿಯಿತು.

ಆ ವಾರವೇ ನನ್ನ ಮೊದಲ ಸೂಚನೆ ಬರೆದೆ: "ಎಲ್ಲ ವಾರ್ಡುಗಳ ಸಿಬ್ಬಂದಿ ತಿಂಗಳಿಗೊಮ್ಮೆ ತಮ್ಮ ತೂಕದ ಯಂತ್ರ ಹಾಗೂ ಥರ್ಮಾಮೀಟರ್‌ಗಳನ್ನು ಪರೀಕ್ಷಿಸತಕ್ಕದ್ದು. ಥರ್ಮಾಮೀಟರ್‌ಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಪರೀಕ್ಷಿಸತಕ್ಕದ್ದು." ಎಲ್ಲರೂ ಸಹಿ ಹಾಕಿದರು. ತಿಂಗಳ ಕೊನೆಗೆ ಆರು ವಾರ್ಡುಗಳಲ್ಲಿ ಎರಡು ಮಾತ್ರ ತೂಕ ಪರೀಕ್ಷಿಸಿದ್ದವು. ಬೊಟ್ಟುಗಳ ಪೆಟ್ಟಿಗೆ ಒಂದೇ ಇತ್ತು, ಕೊನೆಯ ದಿನ ಎಲ್ಲರಿಗೂ ಅದು ಬೇಕಾಗಿತ್ತು. ಥರ್ಮಾಮೀಟರ್ ವಿಷಯದಲ್ಲಂತೂ ನನ್ನ ವಾಕ್ಯವೇ ತಪ್ಪಾಗಿತ್ತು. ಜ್ವರ ನೋಡುವ ಏಳು ಥರ್ಮಾಮೀಟರ್‌ಗಳು ಕೆಟ್ಟಿವೆ ಎಂಬ ಚೀಟಿಯೊಂದಿಗೆ ನನ್ನ ಮೇಜಿಗೆ ಬಂದವು. ಮಂಜುಗಡ್ಡೆಯಲ್ಲಿ ಅವು `Lo` ಎಂದು ತೋರಿಸಿದ್ದವು. ಅವು ಅಳೆಯುವುದು ಸುಮಾರು 32ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ, ಅದಕ್ಕಿಂತ ತಣ್ಣಗಿದ್ದರೆ `Lo` ಎನ್ನುವುದು ಸರಿಯಾದ ಉತ್ತರವೇ. ಮಂಜುಗಡ್ಡೆಯ ಪರೀಕ್ಷೆ ಹೊಂದುವುದು ಲಸಿಕೆಯ ಫ್ರಿಜ್ಜಿನ ಥರ್ಮಾಮೀಟರಿಗೆ. ಅಲ್ಲಿ 2ರಿಂದ 8 ಡಿಗ್ರಿ ಕಾಯಬೇಕು, ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿದರೆ ಸೊನ್ನೆ ಡಿಗ್ರಿ ತಾನಾಗಿ ಸಿಗುತ್ತದೆ.

ಜ್ವರದ ಥರ್ಮಾಮೀಟರಿಗೆ ಬೇರೆ ದಾರಿ ಹುಡುಕಿದೆವು. ಪ್ರಯೋಗಾಲಯದ ಪ್ರಮಾಣಪತ್ರವಿರುವ ಒಂದು ಥರ್ಮಾಮೀಟರನ್ನು ಆಸ್ಪತ್ರೆ ಕೊಡಿಸಿತು. ಅದನ್ನು ರೋಗಿಗಳಿಗೆ ಬಳಸುವುದಿಲ್ಲ. ಅಗಲ ಬಾಯಿಯ ಉಕ್ಕಿನ ಫ್ಲಾಸ್ಕಿಗೆ ಬಿಸಿನೀರು, ತಣ್ಣೀರು ಬೆರೆಸಿ ಆ ಥರ್ಮಾಮೀಟರ್ 37ರಿಂದ 38ರ ನಡುವೆ ನಿಲ್ಲುವಂತೆ ಮಾಡುತ್ತೇವೆ. ವಾರ್ಡಿನ ನಾಲ್ಕೈದು ಥರ್ಮಾಮೀಟರ್‌ಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ತುದಿಗಳಷ್ಟೇ ಒಂದೇ ಆಳಕ್ಕೆ ಮುಳುಗುವಂತೆ ಇಳಿಸುತ್ತೇವೆ. ನೀರು ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ಮೇಲೊಂದು ಬಿಸಿ, ಕೆಳಗೊಂದು ಬಿಸಿ.

ಇಲ್ಲೊಂದು ಸೂಕ್ಷ್ಮವಿದೆ. ಜ್ವರದ ಥರ್ಮಾಮೀಟರ್ ತಾನು ಕಂಡ ಅತಿ ಹೆಚ್ಚಿನ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ಮಾತ್ರ ಆರುತ್ತಿರುತ್ತದೆ. ಐದು ನಿಮಿಷ ಬಿಟ್ಟು ಎರಡನ್ನೂ ಹೋಲಿಸಿದರೆ ವಾರ್ಡಿನದು ಹೆಚ್ಚು ತೋರಿಸುತ್ತಿದೆ ಎಂಬ ಸುಳ್ಳು ದೋಷ ಕಾಣುತ್ತದೆ. ಆದ್ದರಿಂದ ಇಳಿಸುವ ಕ್ಷಣದಲ್ಲೇ ಪ್ರಮಾಣದ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಬೀಪ್ ಆದ ಮೇಲೂ ತುದಿಯನ್ನು ಒಂದು ನಿಮಿಷ ನೀರಿನಲ್ಲೇ ಇಟ್ಟು ಆಮೇಲೆ ಓದಬೇಕು.

ವ್ಯತ್ಯಾಸ 0.2 ಡಿಗ್ರಿಗಿಂತ ಹೆಚ್ಚಿದ್ದರೆ ಹೊರಗೆ ಎಂದು ನಿರ್ಧರಿಸಿದೆವು. ಇಷ್ಟು ಬಿಗಿ ಏಕೆ ಎಂದು ಕಿರಿಯ ಸಿಸ್ಟರ್ ಒಬ್ಬರು ಕೇಳಿದರು. ನವಜಾತ ಶಿಶುವಿನ ಮೈ 36.5ಕ್ಕಿಂತ ತಣ್ಣಗಾದರೆ ನಾವು ಬೆಚ್ಚಗೆ ಮಾಡಲು ತೊಡಗಬೇಕು. ಮೊದಲ ಸುತ್ತಿನಲ್ಲಿ ಸಿಕ್ಕ ಒಂದು ಥರ್ಮಾಮೀಟರ್ 0.4 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ನಿಜವಾಗಿ 36.2 ಇರುವ ಮಗುವಿಗೆ ಅದು 36.6 ಎನ್ನುತ್ತದೆ, ಸಿಸ್ಟರ್ ಚಾರ್ಟಿನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಜುಲೈ ರಾತ್ರಿಯ ಮಳೆಗಾಳಿಯಲ್ಲಿ ಆ ಮಗುವಿನ ಸ್ಥಿತಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಈ ಥರ್ಮಾಮೀಟರ್‌ಗಳನ್ನು ನಾವು ಸರಿಪಡಿಸಲಾಗದು. ಬ್ಯಾಟರಿ ಬದಲಿಸಿ ಇನ್ನೊಮ್ಮೆ ನೋಡಿ, ಆಗಲೂ ತಪ್ಪಿದರೆ ತೆಗೆದುಹಾಕಬೇಕು.

ಎರಡನೆಯ ಸೂಚನೆಯನ್ನು ಮೊದಲು ಆಯಾಗಳಿಗೆ ಓದಿ ಹೇಳಿದೆ, ಆಮೇಲೆ ಮೂರು ಪಾಳಿಯ ಸಿಸ್ಟರ್‌ಗಳಿಗೆ. ಅವರು ತಡವರಿಸಿದ ಕಡೆಯಲ್ಲೆಲ್ಲ ವಾಕ್ಯ ಬದಲಿಸಿದೆ. ಬಾಣಂತಿಯರ ವಾರ್ಡಿನ ಪ್ರತಿ ಹೀಗಿದೆ:

"ಪ್ರತಿ ತಿಂಗಳ 4ನೇ ತಾರೀಖು, ಬೆಳಗಿನ ಪಾಳಿ ವಹಿಸಿಕೊಂಡ ಕೂಡಲೇ, ಮಗುವಿನ ತೂಕದ ಯಂತ್ರ ಮತ್ತು ಎಲ್ಲ ಥರ್ಮಾಮೀಟರ್‌ಗಳ ಪರೀಕ್ಷೆ. ಮಾಡುವವರು: ಆ ದಿನದ ಪಾಳಿಯ ಹಿರಿಯ ಸಿಸ್ಟರ್. ಬೊಟ್ಟಿನ ಪೆಟ್ಟಿಗೆ 3ರಂದು ಹೆರಿಗೆ ಕೋಣೆಯಲ್ಲಿ, 5ರಂದು ಮಕ್ಕಳ ವಾರ್ಡಿನಲ್ಲಿ ಇರುತ್ತದೆ. ತಟ್ಟೆ ಎತ್ತಿ ಕೆಳಗೆ ಏನೂ ಇಲ್ಲವೆಂದು ನೋಡಿ. ಯಂತ್ರ ಗೋಡೆಗೆ ತಾಗದಿರಲಿ. 1, 2, 3 ಕಿಲೋ ಇಟ್ಟು ಮೂರು ಅಂಕಿಗಳನ್ನೂ ಬರೆಯಿರಿ. 2 ಕಿಲೋ ಬೊಟ್ಟನ್ನು ತಲೆಯ ಕಡೆ ಮತ್ತು ಕಾಲಿನ ಕಡೆ ಇಟ್ಟು ಮತ್ತೆ ಬರೆಯಿರಿ. 10 ಗ್ರಾಂಗಿಂತ ಹೆಚ್ಚು ತಪ್ಪಿದರೆ ಕೆಂಪು ಚೀಟಿ ಅಂಟಿಸಿ, ಬಳಸಬೇಡಿ, ಹೆರಿಗೆ ಕೋಣೆಯ ಯಂತ್ರದಲ್ಲಿ ತೂಗಿ. ಕಂಡ ಅಂಕಿಯನ್ನೇ ಬರೆಯಿರಿ, 'ಸರಿ' ಎಂದು ಬರೆಯಬೇಡಿ. ತಪ್ಪು ಕಂಡುಹಿಡಿದವರನ್ನು ಯಾರೂ ಪ್ರಶ್ನಿಸುವುದಿಲ್ಲ."

ಕೊನೆಯ ವಾಕ್ಯವನ್ನು ಸೇರಿಸಲು ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆಯಬೇಕಾಯಿತು. ಅದಿಲ್ಲದಿದ್ದರೆ ಪುಸ್ತಕದ ತುಂಬ 1000, 2000, 3000 ಎಂದೇ ಬಂದಿರುತ್ತಿತ್ತು ಎಂದು ನಾನು ನಂಬಿದ್ದೇನೆ. ತಲೆ ಮತ್ತು ಕಾಲಿನ ಕಡೆಯ ಪರೀಕ್ಷೆಯನ್ನು ಸೇರಿಸಿದ್ದು ಮಗು ತಟ್ಟೆಯ ನಟ್ಟ ನಡುವೆ ಮಲಗುವುದಿಲ್ಲ ಎಂಬ ಕಾರಣಕ್ಕೆ. ದೊಡ್ಡವರ ಯಂತ್ರಕ್ಕೆ ಉಗ್ರಾಣದ ಎರಡು 20 ಕಿಲೋ ಬೊಟ್ಟು ಸಾಕಾಗುತ್ತವೆ. ಅಲ್ಲಿ 200 ಗ್ರಾಂ ವ್ಯತ್ಯಾಸವನ್ನು ಬಿಡುತ್ತೇವೆ. ಬೊಟ್ಟುಗಳಿಗೆ ಒಂದು ಸಲಹೆ: ಕರಾವಳಿಯಲ್ಲಿ ಬೀಡುಕಬ್ಬಿಣದ್ದು ಬೇಡ, ತುಕ್ಕು ಉದುರಿ ತೂಕ ಬದಲಾಗುತ್ತದೆ. ನಾವು ಸ್ಟೀಲಿನವನ್ನು ಕೊಂಡೆವು, ಒಣ ಬಟ್ಟೆಯಲ್ಲಿ ಹಿಡಿದೇ ಎತ್ತುತ್ತೇವೆ.

ಈ ಪರೀಕ್ಷೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಗೆ ಬದಲಿಯಲ್ಲ. ಅದನ್ನು ಅದರ ಅವಧಿಗೆ ಸರಿಯಾಗಿ ಮಾಡಿಸಲೇಬೇಕು. ಎರಡು ಮುದ್ರೆಗಳ ನಡುವಿನ ತಿಂಗಳುಗಳಲ್ಲಿ ತಟ್ಟೆಯ ಕೆಳಗೆ ಏನು ಸೇರಿಕೊಂಡಿದೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಕಳೆದ ತಿಂಗಳ 5ರಂದು ಮಕ್ಕಳ ವಾರ್ಡಿನ ಪುಸ್ತಕದಲ್ಲಿ ಹೀಗೆ ಬರೆದಿತ್ತು: ನಡುವೆ 2000, ತಲೆಯ ಕಡೆ 2000, ಕಾಲಿನ ಕಡೆ 1970. ಕೆಂಪು ಚೀಟಿ ಅಂಟಿಸಿದ್ದರು. ನಾನು ಹೋಗಿ ನೋಡಿದಾಗ ವಿದ್ಯುತ್ ತಂತಿಯ ಒಂದು ಸುರುಳಿ ಕಾಲಿನ ಕಡೆ ತಟ್ಟೆಗೆ ಆನಿಕೊಂಡಿತ್ತು. ಅದನ್ನು ಸರಿಸಿ ಆ ಸಿಸ್ಟರ್ ಮತ್ತೆ ಎರಡು ಕಿಲೋ ಇಟ್ಟರು, 2000 ಬಂತು. 1970 ಅನ್ನು ಹೊಡೆದುಹಾಕಲೇ ಎಂದು ಕೇಳಿದರು. ಬೇಡ, ಅದರ ಕೆಳಗೆ ಹೊಸದನ್ನು ಬರೆಯಿರಿ, ಕಾರಣವನ್ನೂ ಬರೆಯಿರಿ ಎಂದೆ.