ಡಬ್ಬದ ಮೇಲೆ 1200, ಪೋರ್ಟಿನಲ್ಲಿ 100

ಮೈಸೂರಿನ ಕುವೆಂಪುನಗರದಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದಾಗ ಮೊದಲ ಸಲ ನನಗೆ ಸ್ವಂತ ರೂಟರ್ ಬೇಕಾಯಿತು. ಹಾಕಿಸಿಕೊಂಡಿದ್ದು 150 ಎಂಬಿಪಿಎಸ್ ಫೈಬರ್ ಪ್ಲಾನ್. ಲೈನ್ ಹುಡುಗ ಗೋಡೆಗೆ ಫೈಬರ್ ಡಬ್ಬಿ ಹೊಡೆದು, "ವೈಫೈಗೆ ರೂಟರ್ ನೀವೇ ತಂದ್ಕೊಳ್ಳಿ ಸಾರ್" ಅಂದು ಹೋದ.

ಅಂಗಡಿಯವರು ಒಂದು ಡಬ್ಬ ಮುಂದಿಟ್ಟರು. "ನಾಲ್ಕು ಆಂಟೆನಾ ಸಾರ್, 1200 ಸ್ಪೀಡು, ಕಣ್ಮುಚ್ಕೊಂಡು ತಗೊಳ್ಳಿ." ನಾನು ಮಾಡೆಲ್ ನಂಬರನ್ನು ಮೊಬೈಲಿನಲ್ಲಿ ಹಾಕಿ, ಕಂಪನಿಯ ಸೈಟಿನಲ್ಲೇ ಸ್ಪೆಸಿಫಿಕೇಶನ್ ಹಾಳೆ ತೆಗೆದೆ.

1200 ಎಲ್ಲಿಂದ ಬಂತು ಅಂತ ಅಲ್ಲೇ ಗೊತ್ತಾಯಿತು. ವೈಫೈ ಎರಡು ಬ್ಯಾಂಡಿನಲ್ಲಿ ಓಡುತ್ತೆ: 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867. ಎರಡನ್ನೂ ಕೂಡಿಸಿ, ಮೇಲೆ ಸ್ವಲ್ಪ ಸೇರಿಸಿ 1200 ಮಾಡಿದ್ದಾರೆ. ಆದರೆ ನನ್ನ ಫೋನು ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯುತ್ತೆ. ಆ 867 ಕೂಡ ಲೆಕ್ಕದ ಗರಿಷ್ಠ, ಒಂದೇ ಕೋಣೆಯಲ್ಲಿ ಕೂತರೂ ಅರ್ಧದ ಆಸುಪಾಸು ಸಿಕ್ಕರೆ ಪುಣ್ಯ. ಪರವಾಗಿಲ್ಲ, 150ರ ಪ್ಲಾನಿಗೆ ಅಷ್ಟು ಸಾಕು.

ನಾನು ನಿಂತಿದ್ದು ಕೆಳಗಿನ ಸಾಲಿನಲ್ಲಿ: `WAN: 1 x 10/100 Mbps`. ಡಬ್ಬದ ಮುಂದೆ ಇದನ್ನು ಯಾರೂ ದೊಡ್ಡದಾಗಿ ಅಚ್ಚು ಹಾಕಲ್ಲ. ಹೊರಗಿನ ಇಂಟರ್ನೆಟ್ ಒಳಗೆ ಬರುವ ಬಾಗಿಲೇ ಈ ವ್ಯಾನ್ ಪೋರ್ಟ್. ಅದು 100ರದ್ದಾದರೆ ಕೈಗೆ ಸಿಗೋದು 94ರ ಹತ್ತಿರ. ಎಷ್ಟು ಆಂಟೆನಾ ಇದ್ದರೇನು? ಉಳಿದ 56ಕ್ಕೆ ತಿಂಗಳು ತಿಂಗಳು ಸುಮ್ನೆ ದುಡ್ಡು ಕಟ್ಟಬೇಕು. ನಿಮ್ಮದು 50ರ ಪ್ಲಾನ್ ಆಗಿದ್ದರೆ ಅದೇ ರೂಟರ್ ಧಾರಾಳವಾಗಿ ಸಾಕು, ಜಾಸ್ತಿ ಕೊಡಬೇಡಿ.

ಪಕ್ಕದಲ್ಲೇ ಇನ್ನೊಂದು 1200 ಇತ್ತು. ಆಂಟೆನಾ, ವೈಫೈ ಎಲ್ಲಾ ಅದೇ, ಪೋರ್ಟ್ ಮಾತ್ರ `10/100/1000`. ಬೆಲೆ ಸ್ವಲ್ಪ ಜಾಸ್ತಿ. ಅಡಾಪ್ಟರ್ 12 ವೋಲ್ಟ್, 1 ಆಂಪ್ ಅಂತ ನೋಡಿಕೊಂಡೆ, ಕರೆಂಟ್ ಹೋದಾಗ ಚಿಕ್ಕ ಯುಪಿಎಸ್‌ಗೆ ಹಾಕಬೇಕಲ್ವಾ? ಅದನ್ನೇ ತಂದೆ.

ಮನೆಯಲ್ಲಿ ಹಾಕಿ ನೋಡಿದರೆ ಮತ್ತೆ 94! ಹೊಟ್ಟೆ ಉರೀತು. ರೂಟರಿನ ಸ್ಟೇಟಸ್ ಪೇಜ್ ತೆಗೆದರೆ ವ್ಯಾನ್ ಪೋರ್ಟಿನ ಎದುರು `100 Mbps` ಅಂತಿತ್ತು. ಅಂದರೆ ತಪ್ಪು ವೈಫೈದಲ್ಲ, ತಂತಿಯ ಕಡೆಯದು. ಫೈಬರ್ ಡಬ್ಬಿಯಿಂದ ಬಂದ ಕೇಬಲ್ಲಿನ ಪಿನ್ನನ್ನು ಬೆಳಕಿಗೆ ಹಿಡಿದೆ. ಎಂಟು ಎಳೆ ಇರಬೇಕಾದ ಕಡೆ ನಾಲ್ಕೇ ಎಳೆ ಕೂರಿಸಿದ್ದರು. ನೂರಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು.

ಹುಡುಗನನ್ನು ಕರೆದೆ. "ಹಳೇ ಪ್ಲಾನ್‌ಗಳಿಗೆ ಹೀಗೇ ಮಾಡ್ತಿದ್ವಿ ಸಾರ್" ಅಂತ ನಕ್ಕು, ಎಂಟೂ ಎಳೆ ಕೂರಿಸಿ ಹೊಸ ಪಿನ್ ಒತ್ತಿಕೊಟ್ಟ. ಪೇಜಿನಲ್ಲಿ `1000 Mbps` ಬಂತು. ಹಾಲ್‌ನಲ್ಲಿ 147, ಒಂದು ಗೋಡೆಯಾಚೆ ಬೆಡ್‌ರೂಮಿನಲ್ಲಿ 120ರ ಮೇಲೆ. ಬಾಲ್ಕನಿಯಲ್ಲಿ ಫೋನು 2.4ಕ್ಕೆ ಇಳಿದು 40ಕ್ಕೆ ಬರುತ್ತೆ. ಬಟ್ಟೆ ಒಣಗಿಸುವ ಜಾಗಕ್ಕೆ ಅಷ್ಟು ಸಾಕು.